ಆ "ಹೊರತು" ಎಲ್ಲಿ ಹೋಯಿತು?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಮನೆ ವಿಮೆಯ ಪಾಲಿಸಿಯೊಂದನ್ನು "ಸರಳ ಭಾಷೆಗೆ" ಇಳಿಸಿದ ಕೈಪಿಡಿ ಬಂತು, ಸುಮ್ನೆ ಒಮ್ಮೆ ಕಣ್ಣಾಡಿಸಿ ಅಂತ. ಚೆಂದದ ಅಕ್ಷರ, ಚೆಂದದ ಬಣ್ಣ, ಛತ್ರಿ ಹಿಡಿದ ಪುಟ್ಟ ಮನೆಯ ಚಿತ್ರ ಬೇರೆ. ನೀರಿನ ಹಾನಿಯ ಬಗ್ಗೆ ಒಂದೇ ಸಾಲು: "ನೀರು ಸೋರಿ ಆದ ಹಾನಿಗೆ ಹಣ ಸಿಗುವುದಿಲ್ಲ."

ಎಷ್ಟು ಸರಳ ಅಲ್ವಾ? ಸರಳವಾಗಿದೆ, ಸುಳ್ಳೂ ಆಗಿದೆ.

ನಾನು ಇಷ್ಟು ವರ್ಷ ಇದೇ ಕೆಲಸದಲ್ಲಿ ಕಣ್ಣು ಹಾಳು ಮಾಡಿಕೊಂಡವಳು ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಹಾಗಾಗಿ ಮೂಲ ಪಾಲಿಸಿ ತರಿಸಿ ನೋಡಿದೆ. ಅಲ್ಲಿದ್ದದ್ದು ಇದು. ಉಸಿರು ಹಿಡಿದುಕೊಂಡು ಓದಿ:

"ಕೊಳಾಯಿ ವ್ಯವಸ್ಥೆಯಿಂದ ವಾರಗಳು, ತಿಂಗಳುಗಳು ಅಥವಾ ವರ್ಷಗಳ ಅವಧಿಯಲ್ಲಿ ನಿರಂತರವಾಗಿ ಅಥವಾ ಪುನಃಪುನಃ ಉಂಟಾಗುವ ನೀರಿನ ಸೋರಿಕೆಯಿಂದ ಸಂಭವಿಸುವ ಹಾನಿಯು, ಸದರಿ ಸೋರಿಕೆಯು ವಿಮಾದಾರರ ಅರಿವಿಗೆ ಬಾರದೆ ಇದ್ದು ಹಾಗೂ ಗೋಡೆ, ನೆಲ ಅಥವಾ ಛಾವಣಿಯ ಒಳಗೆ ಮರೆಯಾಗಿದ್ದ ಹೊರತು, ಈ ಪಾಲಿಸಿಯ ವ್ಯಾಪ್ತಿಗೆ ಒಳಪಡತಕ್ಕದ್ದಲ್ಲ."

ಭಾಷೆ ಭಯಂಕರ, ಒಪ್ಪಿದೆ. "ವಿಮಾದಾರ" ಅಂದರೆ ವಿಮೆ ಮಾಡಿಸಿದವರಾ, ವಿಮೆ ಕೊಟ್ಟವರಾ? ಎರಡಕ್ಕೂ ಬಳಸುವವರಿದ್ದಾರೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇನ್ನೊಂದು ತೊಂದರೆ. ಹಣ ಸಿಗುತ್ತದೋ ಇಲ್ಲವೋ ಅಂತ ತಿಳಿಯಲು ಕಟ್ಟಕಡೆಯ "ಅಲ್ಲ"ದವರೆಗೆ ಕಾಯಬೇಕು. ಅಷ್ಟರಲ್ಲಿ ಮೊದಲರ್ಧ ಮರೆತೇ ಹೋಗಿರುತ್ತದೆ. ಆದರೆ ಆ ಕಗ್ಗಂಟಿನಲ್ಲಿ ಕೆಲಸ ಮಾಡುವ ಮಾತುಗಳು ಮೂರಿವೆ: "ವಾರಗಳು", "ಹಾಗೂ", "ಹೊರತು". ಕೈಪಿಡಿಯವರು ಮೂರನ್ನೂ ನುಂಗಿದ್ದಾರೆ.

ನುಂಗಿದ್ದರಿಂದ ಏನಾಯಿತು ಅಂತ ತಿಳಿಯಲು ನಾನು ಯಾವಾಗಲೂ ಮಾಡುವುದು ಒಂದೇ. ನಾಲ್ಕು ಕತೆ ಕಟ್ಟುತ್ತೇನೆ. ಪ್ರತಿ ಕತೆಗೂ ಮೊದಲು ಹಳೆಯ ಬರಹದ ಪ್ರಕಾರ ತೀರ್ಪು, ಆಮೇಲೆ ಹೊಸದರ ಪ್ರಕಾರ. ಒಂದು ಕತೆಯಲ್ಲಿ ತೀರ್ಪು ಬದಲಾದರೂ ನಾವು ಮಾಡಿದ್ದು ಸರಳೀಕರಣ ಅಲ್ಲ, ಹೊಸ ಪಾಲಿಸಿ.

ಮೊದಲ ಕತೆ. ರಾತ್ರಿ ಪೈಪು ಒಡೆದು ಬೆಳಗಾಗುವುದರೊಳಗೆ ಮನೆಯೆಲ್ಲ ನೀರು. ಇದು ವಾರಗಟ್ಟಲೆ ಸೋರಿದ್ದಲ್ಲ, ಹಾಗಾಗಿ ಈ ಷರತ್ತು ಅಡ್ಡ ಬರುವುದಿಲ್ಲ. ಹಠಾತ್ತಾಗಿ ಪೈಪು ಒಡೆದರೆ ಹಣ ಕೊಡುತ್ತೇವೆ ಅಂತ ಪಾಲಿಸಿಯಲ್ಲೇ ಇನ್ನೊಂದು ಕಡೆ ಇದೆ. ಹಣ ಸಿಗಬೇಕು. ಕೈಪಿಡಿ ಓದಿದವರು ಕ್ಲೇಮು ಹಾಕುವುದೇ ಇಲ್ಲ.

ಎರಡನೆಯದು. ಸಿಂಕಿನ ಕೆಳಗೆ ಮೂರು ತಿಂಗಳಿಂದ ಹನಿ ಬೀಳುತ್ತಿದೆ, ಮನೆಯವರು ಬಕೆಟ್ ಇಟ್ಟುಕೊಂಡು ಆರಾಮಾಗಿದ್ದಾರೆ. ಎರಡೂ ಬರಹದಲ್ಲಿ ಹಣ ಇಲ್ಲ.

ಮೂರನೆಯದು. ಗೋಡೆಯೊಳಗಿನ ಪೈಪು ಐದು ವಾರ ಸೋರಿದೆ. ಯಾರಿಗೂ ಗೊತ್ತಿಲ್ಲ. ಒಂದು ದಿನ ಬಣ್ಣ ಉಬ್ಬಿತು, ಅವತ್ತೇ ಪ್ಲಂಬರ್‌ನನ್ನು ಕರೆಸಿದರು, ಕಂಪನಿಗೂ ತಿಳಿಸಿದರು. ಹಳೆಯ ಷರತ್ತಿನ "ಹೊರತು" ಇವರನ್ನು ಕಾಪಾಡುತ್ತದೆ. ಕೈಪಿಡಿ ಕಾಪಾಡುವುದಿಲ್ಲ.

ನಾಲ್ಕನೆಯದರಲ್ಲಿ ಅದೇ ಗೋಡೆ, ಅದೇ ಪೈಪು. ಆದರೆ ಇದು ಸೋರಿಕೆ ಅಂತ ಮನೆಯವರಿಗೆ ಎರಡು ತಿಂಗಳ ಹಿಂದೆಯೇ ಗೊತ್ತಾಗಿತ್ತು, ಆಮೇಲೆ ನೋಡೋಣ ಅಂತ ಬಿಟ್ಟರು. ಪೈಪು ಮರೆಯಲ್ಲಿತ್ತು ನಿಜ, ಸೋರಿಕೆ ಗೊತ್ತಿಲ್ಲದ್ದಲ್ಲ. "ಹಾಗೂ" ಇರುವುದು ಇದಕ್ಕೇ. ಎರಡೂ ಬರಹದಲ್ಲಿ ಹಣ ಇಲ್ಲ.

ಗಮನಿಸಿದಿರಾ? ಕೈಪಿಡಿ ಸರಿ ಹೇಳಿದ್ದು ಹಣ ಸಿಗದ ಎರಡು ಕತೆಗಳಲ್ಲಿ ಮಾತ್ರ. ಹಣ ಸಿಗಬೇಕಾದ ಎರಡರಲ್ಲೂ ತಪ್ಪು. ಬೇಕೆಂದೇ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. (ಹೇಳಬೇಕು ಅಂತ ಅನಿಸಿದ್ದು ಬೇರೆ ವಿಷಯ.)

ಒಳ್ಳೆಯ ಮನಸ್ಸಿನವರೂ ಹೀಗೇ ಎಡವುತ್ತಾರೆ. "ನಿಮಗೆ ಗೊತ್ತಾಗದ ಸೋರಿಕೆಯಾದರೆ ಈ ನಿಯಮ ಅನ್ವಯಿಸುವುದಿಲ್ಲ" ಅಂತ ಬರೆದರೆ ಓದುವವರಿಗೆ ಖುಷಿ. ಆದರೆ "ಗೋಡೆ, ನೆಲ ಅಥವಾ ಛಾವಣಿಯ ಒಳಗೆ" ಅನ್ನುವುದು ಬಿದ್ದುಹೋಯಿತು. ಸಿಂಕಿನ ಕೆಳಗೆ ತಿಂಗಳುಗಟ್ಟಲೆ ಬಗ್ಗಿ ನೋಡದವರಿಗೂ ಸೋರಿಕೆ ಗೊತ್ತಿರುವುದಿಲ್ಲ. ಹಳೆಯದರಲ್ಲಿ ಅವರಿಗೆ ಹಣ ಇಲ್ಲ, ಈಗ ಇದೆ ಅಂತಾಯಿತು.

ಬೈದದ್ದು ಸಾಕು, ನನ್ನದೂ ಒಂದಿದೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಷರತ್ತನ್ನು ಸರಳ ಮಾಡಿದ್ದೆ. "ಹೊರತು" ಬಿಟ್ಟಿರಲಿಲ್ಲ. ಅದನ್ನು ಬಿಡಿಸಿ ಬೇರೆ ವಾಕ್ಯ ಮಾಡಿ, "ಸೋರಿಕೆ ನಿಮಗೆ ಗೊತ್ತಿಲ್ಲದೆ, ಗೋಡೆಯೊಳಗೆ ಮರೆಯಾಗಿದ್ದರೆ ನಾವು ಹಣ ಕೊಡುತ್ತೇವೆ" ಅಂತ ಬರೆದಿದ್ದೆ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಕ್ಲೇಮು ನೋಡುತ್ತಿದ್ದ ಹಿರಿಯರೊಬ್ಬರು ಓದಿ ಕೇಳಿದರು: "ಹಾಗಾದ್ರೆ ಬೂಷ್ಟಿಗೂ ನೀವೇ ಕೊಡ್ತೀರಾ ಮೇಡಂ?"

ಗೋಡೆಯೊಳಗೆ ನೀರು ನಿಂತರೆ ಬೂಷ್ಟು ಬರುತ್ತದೆ. ಬೂಷ್ಟಿಗೆ ಹಣ ಇಲ್ಲ ಅಂತ ಅದೇ ಪಾಲಿಸಿಯಲ್ಲಿ ಬೇರೆ ಷರತ್ತು ಇತ್ತು. "ಹೊರತು" ಹೇಳುವುದು ಇಷ್ಟೇ: ಈ ಒಂದು ಕಾರಣ ಕೊಟ್ಟು ನಿರಾಕರಿಸುವುದಿಲ್ಲ. ಉಳಿದ ಷರತ್ತುಗಳೆಲ್ಲ ಹಾಗೇ ನಿಂತಿರುತ್ತವೆ. ಒಂದು ಬಾಗಿಲಿನ ಬೀಗ ತೆಗೆದದ್ದನ್ನು ನಾನು ಇಡೀ ಮನೆಗೆ ಆಹ್ವಾನ ಅಂತ ಬರೆದಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅದಾದ ಮೇಲೆ ನಾನು ಬರೆಯುವುದು ಹೀಗೆ:

"ನೀರಿನ ಪೈಪು ಅಥವಾ ನಲ್ಲಿಯಿಂದ ವಾರಗಟ್ಟಲೆ, ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ, ಒಂದೇ ಸಮನೆ ಅಥವಾ ಮತ್ತೆ ಮತ್ತೆ, ನೀರು ಸೋರಿ ಆದ ಹಾನಿಗೆ ನಾವು ಹಣ ಕೊಡುವುದಿಲ್ಲ. ಆದರೆ ಮುಂದಿನ ಎರಡೂ ಮಾತು ನಿಜವಾಗಿದ್ದರೆ ಈ ನಿಯಮ ನಿಮಗೆ ಅನ್ವಯಿಸುವುದಿಲ್ಲ: ಸೋರುತ್ತಿರುವುದು ನಿಮಗೆ ಗೊತ್ತಿರಲಿಲ್ಲ, ಮತ್ತು ಸೋರಿಕೆ ಗೋಡೆ, ನೆಲ ಅಥವಾ ಛಾವಣಿಯ ಒಳಗೆ ಮರೆಯಾಗಿತ್ತು. ಆಗಲೂ ಪಾಲಿಸಿಯ ಉಳಿದ ನಿಯಮಗಳು ಅನ್ವಯಿಸುತ್ತವೆ."

ಮೂಲಕ್ಕಿಂತ ಜಾಸ್ತಿ ಉದ್ದ. ಹೌದು, ಇರಲಿ. ಚಿಕ್ಕದು ಅಂದರೆ ಸರಳ ಅಂತ ಯಾರು ಹೇಳಿದರೋ! ಇಂಗ್ಲಿಷ್ ಬರಹ ಎಷ್ಟು ಸುಲಭ ಅಂತ ಅಳೆಯಲು ರುಡಾಲ್ಫ್ ಫ್ಲೆಶ್ 1948ರಲ್ಲಿ ಒಂದು ಸೂತ್ರ ಕೊಟ್ಟರು. ಅಮೆರಿಕದ ಹಲವು ರಾಜ್ಯಗಳಲ್ಲಿ ಪಾಲಿಸಿಗಳು ಅದರಲ್ಲಿ ಕನಿಷ್ಠ 40 ಅಂಕ ಪಡೆಯಬೇಕು ಅಂತ ಕಾನೂನೇ ಇದೆ. ಆ ಸೂತ್ರ ಎಣಿಸುವುದು ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ, ಅಷ್ಟೇ. "ಹೊರತು" ಅಂತ ಮುಗಿಯುವ ಭಾಗವನ್ನು ಪೂರ್ತಿ ಕಿತ್ತು ಹಾಕಿದರೆ ವಾಕ್ಯ ಚಿಕ್ಕದಾಗಿ ಅಂಕ ಏರುತ್ತದೆ. ಹಣ ಕಳೆದುಕೊಂಡವರ ಲೆಕ್ಕ ಅದರಲ್ಲಿಲ್ಲ.

ಈಗ ಕೆಲವರು ಬರುತ್ತಾರೆ ಅಂತ ಗೊತ್ತು. "ಹಳೆಯ ಪದಗಳಿಗೆ ಕೋರ್ಟುಗಳು ಅರ್ಥ ಗಟ್ಟಿ ಮಾಡಿವೆ, ಮುಟ್ಟಬೇಡಿ" ಅಂತ. ಕೆಲವು ಪದಗಳ ಮಟ್ಟಿಗೆ ನಿಜ. "ಆಕಸ್ಮಿಕ" ಅಂತ ಇದ್ದರೆ ನಾನೂ ಅದನ್ನೇ ಇಡುತ್ತೇನೆ, ಪಕ್ಕದಲ್ಲಿ ವಿವರಿಸುತ್ತೇನೆ. ಆದರೆ "ಸದರಿ", "ತಕ್ಕದ್ದಲ್ಲ" ಇವುಗಳಿಗೆ ಯಾವ ಕೋರ್ಟು ಏನು ಅರ್ಥ ಕೊಟ್ಟಿದೆ ಸ್ವಾಮಿ? ಇನ್ನು ಗೊಂದಲದ ಮಾತಿಗೆ ಬಂದರೆ, ಬರೆದ ಕಂಪನಿಯ ವಿರುದ್ಧವೇ ಅರ್ಥ ಮಾಡಬೇಕು ಅನ್ನುವ ತತ್ವವನ್ನು ಎಷ್ಟೋ ದೇಶಗಳ ಕೋರ್ಟುಗಳು ಪಾಲಿಸುತ್ತವೆ. ಕಗ್ಗಂಟು ಕಂಪನಿಗೂ ಕ್ಷೇಮವಲ್ಲ.

ಇನ್ನೊಂದು ಜಾಣತನ ಕೈಪಿಡಿಯ ಕೆಳಗೇ ಇತ್ತು, ಇರುವೆ ಗಾತ್ರದ ಅಕ್ಷರದಲ್ಲಿ: "ವ್ಯತ್ಯಾಸ ಕಂಡುಬಂದಲ್ಲಿ ಮೂಲ ಪಾಲಿಸಿಯೇ ಅಂತಿಮ." ಅಂದರೆ ನೀವು ಓದುವುದು ಒಂದು, ನಿಮಗೆ ಅನ್ವಯಿಸುವುದು ಇನ್ನೊಂದು. ವ್ಯತ್ಯಾಸ ಇದೆಯಾ ಅಂತ ಹುಡುಕುವ ಕೆಲಸ ಯಾರದು? ಮೂಲ ಅರ್ಥವಾಗಲಿಲ್ಲ ಅಂತ ಕೈಪಿಡಿ ಹಿಡಿದವರದು!

ನಾಲ್ಕೂ ಕತೆ ಬರೆದು, ತೀರ್ಪುಗಳ ಸಮೇತ, ಕೈಪಿಡಿ ಮಾಡಿದವರಿಗೆ ಮಧ್ಯಾಹ್ನವೇ ಕಳಿಸಿದೆ. ಈಗಷ್ಟೇ ಉತ್ತರ ಬಂತು.

"ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ನೀರಿನ ಬಗ್ಗೆ ನಮಗಿರೋದು ಒಂದೇ ಸಾಲಿನ ಜಾಗ. ಛತ್ರಿ ಸ್ವಲ್ಪ ಚಿಕ್ಕದು ಮಾಡಬಹುದಾ ಅಂತ ಕೇಳಿ ನೋಡ್ತೀನಿ."