ಬಾಡಿಗೆ ಕೊಡೋದೂ ನಾವೇ, ಅದರ ಜಿಎಸ್‌ಟಿ ಕಟ್ಟೋದೂ ನಾವೇ

ಅಂಗಡಿ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲ, ನಿಮಗೆ ಇದೆ. ಹಾಗಿದ್ರೆ ನೀವು ಕೊಡೋ ಬಾಡಿಗೆಯ ಮೇಲಿನ 18% ತೆರಿಗೆ ನಿಮ್ಮ ತಲೆ ಮೇಲೆ. 2024ರ ಅಕ್ಟೋಬರ್ 10ರಿಂದ ಇದೇ ನಿಯಮ. ಇದನ್ನೇ ರಿವರ್ಸ್ ಚಾರ್ಜ್ ಅನ್ನೋದು. ಮಾಲೀಕರಿಗೆ ನಂಬರ್ ಇದ್ದರೆ ಅವರೇ ಬಿಲ್ಲಿನಲ್ಲಿ ತೆರಿಗೆ ಸೇರಿಸುತ್ತಾರೆ, ಆಗ ಈ ತಲೆನೋವಿಲ್ಲ. ಅಂಗಡಿ ಅಪ್ಪನ ಹೆಸರಲ್ಲಿದ್ದು ಅವರಿಗೆ ಬಾಡಿಗೆ ಕೊಡ್ತಿದ್ದರೂ ಲೆಕ್ಕ ಬದಲಾಗೋದಿಲ್ಲ.

ತಿಂಗಳ ಬಾಡಿಗೆ 40,000 ಅಂತಿಟ್ಟುಕೊಳ್ಳಿ. ತೆರಿಗೆ 7,200. ಮಾಲೀಕರು ಜಿಎಸ್‌ಟಿ ಬಿಲ್ ಕೊಡೋದಿಲ್ಲವಲ್ಲ, ಹಾಗಾಗಿ ಅವರ ಪರವಾಗಿ ನಮ್ಮ ಹೆಸರಿಗೆ ನಾವೇ ಒಂದು ಬಿಲ್ ಬರೆದುಕೊಳ್ಳಬೇಕು. ಜಿಎಸ್‌ಟಿಆರ್-3ಬಿ ಅನ್ನೋ ರಿಟರ್ನ್‌ನ 3.1(ಡಿ) ಸಾಲಿನಲ್ಲಿ ಬಾಡಿಗೆಯನ್ನೂ ತೆರಿಗೆಯನ್ನೂ ತೋರಿಸಬೇಕು. ಮುಖ್ಯ ವಿಷಯ ಇಲ್ಲಿದೆ: ಖರೀದಿ ಮೇಲೆ ಕೊಟ್ಟ ತೆರಿಗೆ ಜಮೆಯಾಗೋ ಕ್ರೆಡಿಟ್ ಲೆಡ್ಜರ್‌ನಲ್ಲಿ ಎಷ್ಟೇ ಲಕ್ಷ ಬಿದ್ದಿದ್ದರೂ ಈ 7,200ನ್ನು ಅದರಿಂದ ಕಳೆಯೋ ಹಾಗಿಲ್ಲ. ಚಲನ್ ಮಾಡಿ ದುಡ್ಡಾಗಿಯೇ ಕಟ್ಟಬೇಕು.

ಹಾರ್ಡ್‌ವೇರ್ ಅಂಗಡಿಯವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಕಟ್ಟಿದ 7,200ನ್ನು ಅದೇ ರಿಟರ್ನ್‌ನಲ್ಲಿ ಕ್ರೆಡಿಟ್ ಆಗಿ ತೆಗೆದುಕೊಂಡು, ಮಾರಾಟದ ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಆದರೆ ದರ್ಶಿನಿ ನಡೆಸೋರ ಕಥೆ ಬೇರೆ. ಅವರು ಗ್ರಾಹಕರಿಂದ 5% ವಸೂಲು ಮಾಡುತ್ತಾರೆ, ಆ ದರಕ್ಕೆ ಕ್ರೆಡಿಟ್ ಸಿಗೋದಿಲ್ಲ ಅನ್ನೋದೇ ಷರತ್ತು. ಹಾಗಾಗಿ ತಿಂಗಳಿಗೆ 7,200, ವರ್ಷಕ್ಕೆ 86,400 ರೂಪಾಯಿ ಪೂರ್ತಿ ಕೈಯಿಂದಲೇ ಹೋಗುತ್ತೆ. ಬಾಡಿಗೆಯೇ 47,200 ಆದ ಹಾಗೆ, ಅಲ್ವಾ? ಮಾಲೀಕರನ್ನು ಕೇಳಿದರೆ "ನನಗೇನು ಬಂತು ಅದರಲ್ಲಿ?" ಅಂತಾರೆ. ಅವರ ಮಾತೂ ಸರಿಯೇ.

ಸರ್ಕಾರದ ತರ್ಕ ನನಗೆ ಅರ್ಥವಾಗುತ್ತೆ. 20 ಲಕ್ಷದೊಳಗಿನ ಬಾಡಿಗೆ ಆದಾಯ ಇರೋರನ್ನು ಒಬ್ಬೊಬ್ಬರನ್ನಾಗಿ ಹಿಡಿಯೋದಕ್ಕಿಂತ, ಈಗಾಗಲೇ ರಿಟರ್ನ್ ಹಾಕೋ ಬಾಡಿಗೆದಾರರಿಂದ ವಸೂಲು ಮಾಡೋದು ಸುಲಭ. ಆದರೆ ಕ್ರೆಡಿಟ್ ಸಿಗದವರ ಮೇಲೂ ಅದೇ ಹೊರೆ ಹಾಕಿದ್ದು ನನ್ನ ಪ್ರಕಾರ ಅನ್ಯಾಯ. ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟೋ ಕಾಂಪೊಸಿಷನ್ ಸ್ಕೀಮಿನವರು ಗಲಾಟೆ ಮಾಡಿದ ಮೇಲೆ 2025ರ ಜನವರಿ 16ರಿಂದ ಅವರಿಗೆ ವಿನಾಯಿತಿ ಸಿಕ್ಕಿತು. 5% ದರದ ಹೋಟೆಲಿನವರಿಗೆ ಸಿಗಲಿಲ್ಲ. ಕ್ರೆಡಿಟ್ ಎರಡೂ ಕಡೆಯವರಿಗೆ ಇಲ್ಲ, ಮತ್ತೆ ಈ ಭೇದ ಯಾಕೆ?

ಈ ತೆರಿಗೆ ಕಟ್ಟದೆ ಬಿಟ್ಟಿದ್ದು ಸಿಕ್ಕಿಬೀಳೋದು ಸಾಮಾನ್ಯವಾಗಿ ವರ್ಷದ ಕೊನೆಯಲ್ಲಿ. ಲಾಭ-ನಷ್ಟದ ಪಟ್ಟಿಯಲ್ಲಿ ಬಾಡಿಗೆ 4,80,000 ಅಂತ ಇರುತ್ತೆ, 3.1(ಡಿ) ಖಾಲಿ ಇರುತ್ತೆ. ತಡವಾದ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ಹಾರ್ಡ್‌ವೇರ್ ಅಂಗಡಿಯವರಿಗೆ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬಂದೀತು, ಬಡ್ಡಿ ಮಾತ್ರ ಬರೋದಿಲ್ಲ. ಈ ಸಂಜೆಯೇ ನಿಮ್ಮ ಬಾಡಿಗೆ ಕರಾರು ತೆಗೆದು, ಮಾಲೀಕರ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಹಿಂದಿನ ತಿಂಗಳುಗಳ 3ಬಿ ತೆರೆದು ಆ ಒಂದು ಸಾಲನ್ನು ನೋಡಿ.