ತಾಮ್ರದ ತಗಡೂ ಅಲ್ಲ, ಚರ್ಮದ ಮೈಲಿಗೆಯೂ ಅಲ್ಲ

ದೇವಸ್ಥಾನಕ್ಕೆ ಬರಿಗಾಲಲ್ಲಿ ಯಾಕೆ ಹೋಗಬೇಕು ಅನ್ನೋ ವಾಟ್ಸಾಪ್ ಮೆಸೇಜೊಂದು ಬಹಳ ದಿನದಿಂದ ಸುತ್ತುತ್ತಿದೆ. ಮೂಲವಿಗ್ರಹದ ಅಡಿ ತಾಮ್ರದ ತಗಡು ಇರುತ್ತದಂತೆ, ಅದರ ಶಕ್ತಿ ನೆಲದಲ್ಲಿ ಹರಿದು ಅಂಗಾಲಿನಿಂದ ಮೈಗೆ ಏರುತ್ತದಂತೆ. ಪ್ರತಿಷ್ಠಾಪನೆ ಮಾಡುವಾಗ ಪೀಠದ ಕೆಳಗೆ ಯಂತ್ರದ ತಗಡು ಇಡುವ ಪದ್ಧತಿ ಇದೆ, ನಿಜ. ಉಳಿದದ್ದಕ್ಕೆ ಯಾವ ಆಧಾರವೂ ಇಲ್ಲ. ಒಣಕಲ್ಲಿನಲ್ಲಿ ಕರೆಂಟೇ ಸರಿಯಾಗಿ ಹರಿಯುವುದಿಲ್ಲ. ಇದನ್ನು ಮಕ್ಕಳಿಗೆ ವಿಜ್ಞಾನ ಅಂತ ಹೇಳಿಕೊಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಅದಕ್ಕಿಂತ ನಮ್ಮಪ್ಪ ತಮ್ಮ ಮೊಮ್ಮಗಳಿಗೆ ಕೊಟ್ಟ ಉತ್ತರ ಎಷ್ಟೋ ಮೇಲು.

ಚಿತ್ರದುರ್ಗದ ಕೋಟೆ ಹತ್ತಿ ಏಕನಾಥೇಶ್ವರಿ ಗುಡಿ ಮುಂದೆ ನಿಂತಿದ್ದೆವು. ಮಗಳು ಚಪ್ಪಲಿ ಬಿಡಲು ತಯಾರಿರಲಿಲ್ಲ.

"ತಾತ, ಕೆಳಗಿಂದ ಇಲ್ಲಿವರೆಗೂ ಹಾಕ್ಕೊಂಡೇ ಬಂದ್ವಲ್ಲ. ಅದೂ ಕಲ್ಲೇ, ಇದೂ ಕಲ್ಲೇ. ಇಲ್ಲಿ ಮಾತ್ರ ಯಾಕ್ ಬಿಡ್ಬೇಕು?"

"ಅದು ನಡ್ಯೋ ದಾರಿ ಕಣವ್ವ. ಒಳಗೆ ಹೋಗಿ ನಾನೇನ್ ಮಾಡ್ತೀನಿ?"

"ಅಡ್ಡ ಬೀಳ್ತೀಯ."

"ಹಣೆ ಎಲ್ಲಿ ತಾಗ್ತದೆ?"

"ನೆಲಕ್ಕೆ."

"ದಾರೀಲಿ ಏನೇನ್ ತುಳ್ಕೊಂಡ್ ಬಂದ್ವಿ, ಹೇಳು ನೋಡೋಣ."

ಅವಳು ಚಪ್ಪಲಿ ತಿರುಗಿಸಿ ನೋಡಿದಳು. ಅಡಿಯ ಗೀರುಗಳ ಸಂದಿಯಲ್ಲಿ ಮಣ್ಣು, ಯಾರೋ ಉಗಿದಿದ್ದ ಗುಟ್ಕಾದ ಕೆಂಪು, ಕೋತಿಗಳು ಕಿತ್ತಾಡಿ ಬಿಟ್ಟ ಬಾಳೆಹಣ್ಣಿನ ಲೋಳೆ. ಆದರೂ ಸೋಲಲಿಲ್ಲ.

"ನಮ್ ಕಾಲೂ ಕೊಳೆ ಆಗಿರುತ್ತಲ್ಲ?"

"ಆಗಿರ್ತದೆ. ಅದಕ್ಕೇ ಕಾಲು ತೊಳ್ಕೊಂಡು ಹೋಗೋದು. ಚಪ್ಪಲಿ ಅಡಿಯನ್ನ ಉಜ್ಜಿ ತೊಳ್ಯೋರನ್ನ ಎಲ್ಲಾದ್ರೂ ನೋಡಿದೀಯ?"

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು ಮೆತ್ತಗೆ, "ನಮ್ ಕ್ಲಾಸಲ್ಲಿ ಒಬ್ಳು ಹೇಳಿದ್ಲು, ಚರ್ಮ ಮೈಲಿಗೆ ಅಂತೆ, ಅದಕ್ಕೇ ಬಿಡೋದಂತೆ" ಅಂದಳು. ಅಪ್ಪನ ಮುಖ ಗಂಭೀರವಾಯಿತು.

"ನಿನ್ ಚಪ್ಪಲಿ ಯಾತರದ್ದು?"

"ರಬ್ಬರು."

"ರಬ್ಬರಿಂದಾದ್ರೂ ಬಿಡ್ಬೇಕಲ್ಲ! ಪೂಜೆ ಹೊತ್ನಲ್ಲಿ ಬಾರಿಸೋ ನಗಾರಿಗೆ ಏನ್ ಕಟ್ಟಿರ್ತಾರೆ? ಚರ್ಮಾನೇ. ಅದು ದೇವರ ಎದುರಿಗೇ ಇರ್ತದೆ. ಚರ್ಮ ಮೈಲಿಗೆ ಅಂತ ಹೇಳೋರು ಹಿಂದಿನಿಂದ್ಲೂ ಇದಾರೆ. ಆ ಮಾತು ಹಿಡ್ಕೊಂಡು ಚಪ್ಪಲಿ ಹೊಲ್ಯೋ ಜನಾನೂ ಗುಡಿ ಆಚೆನೇ ನಿಲ್ಸಿದ್ರು. ಆ ಮಾತು ನೀನು ಕಲೀಬ್ಯಾಡ."

ಆಮೇಲೆ ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನ ಕತೆ ಹೇಳಿದರು. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಶರಣು ಅಂದಾಗ ಬಸವಣ್ಣ ಶರಣು ಶರಣಾರ್ಥಿ ಅಂದರಂತೆ. ಒಂದು ಶರಣು ಹೆಚ್ಚಾಗಿ ಬಂತಲ್ಲ, ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿ ಒಯ್ದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆ ಮೇಲೆ ಹೊತ್ತರು. ನಮ್ಮ ಕಡೆ ಶರಣರ ಕತೆ ಕೇಳಿ ಬೆಳೆದವರಿಗೆಲ್ಲ ಇದು ಗೊತ್ತು. ಆದರೂ ಮೈಲಿಗೆಯ ಮಾತು ಶಾಲೆಯ ಬೆಂಚಿನವರೆಗೆ ಬಂದಿದೆ ಅನ್ನೋದು ನನಗೆ ನಿಜವಾಗಿ ನೋವು ಕೊಟ್ಟಿತು.

"ಮಸೀದೀಲೂ ಬಿಡ್ತಾರೆ, ಗುರುದ್ವಾರದಲ್ಲೂ ಬಿಡ್ತಾರೆ," ಅಂದರು ಅಪ್ಪ. "ಅಲ್ಲಿ ವಿಗ್ರಹಾನೂ ಇಲ್ಲ, ಅದರಡಿ ತಗಡೂ ಇಲ್ಲ. ನಮಾಜಿಗೆ ಹಣೆ ನೆಲ ಮುಟ್ಬೇಕು, ಲಂಗರ್‌ನಲ್ಲಿ ನೆಲದ ಮೇಲೇ ಕೂತು ಉಣ್ಬೇಕು."

ಇಷ್ಟಾದ ಮೇಲೆ ಮಗಳು ಚಪ್ಪಲಿ ಬಿಟ್ಟಳು, ಎರಡು ಹೆಜ್ಜೆ ಇಟ್ಟವಳೇ ಕುಣಿಯುತ್ತಾ ವಾಪಸ್ ಓಡಿಬಂದಳು. ಮಧ್ಯಾಹ್ನದ ಬಿಸಿಲಿಗೆ ದುರ್ಗದ ಬಂಡೆ ಕಾದಿತ್ತು.

"ಸುಡ್ತದೆ ತಾತ! ನಿಂಗೆ ಸುಡಲ್ವಾ?"

"ನಂಗೆ ಅಷ್ಟು ಗೊತ್ತಾಗಲ್ಲ ಕಣವ್ವ."

ಆ ಮಾತಿಗೆ ನಾನು ಗಾಬರಿಯಾದೆ. ಅಪ್ಪನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿ ತಪ್ಪಿದರೆ ಪಾದದ ನರಗಳು ಜೋಮು ಹಿಡಿಯುತ್ತವೆ. ಕಾದ ಕಲ್ಲಿನ ಮೇಲೆ ಬೇರೆಯವರು ಕಾಲು ಎತ್ತಿ ಓಡುವಾಗ ಇಂಥವರು ನಿಧಾನಕ್ಕೆ ನಡೆಯುತ್ತಾರೆ. ಎಷ್ಟೋ ಹೊತ್ತಾದ ಮೇಲೆ ಅಂಗಾಲಲ್ಲಿ ಬೊಬ್ಬೆ ಕಾಣುತ್ತದೆ. ರಕ್ತ ಸಂಚಾರ ಕಮ್ಮಿ ಇರುವ ಕಾಲಿನಲ್ಲಿ ಅದು ಬೇಗ ಮಾಯುವುದಿಲ್ಲ. ಕೀವು ತುಂಬಿ, ಬೆರಳನ್ನೇ ತೆಗೆಯಬೇಕಾದ ಪರಿಸ್ಥಿತಿಯೂ ಬರಬಹುದು. ಅದಕ್ಕೇ ಡಾಕ್ಟರು ಅವರಿಗೆ ಮನೆಯೊಳಗೂ ಬರಿಗಾಲು ಬೇಡ ಅನ್ನುತ್ತಾರೆ.

ಮಗಳು ತಕ್ಷಣ ಹಿಡಿದಳು: "ಹಂಗಾದ್ರೆ ನೀನು ಹಾಕ್ಕೊಂಡೇ ಬಾ. ಹಣೆ ತಾಗೋ ನೆಲ ಗಲೀಜಾಗ್ಬಾರದು, ಅಷ್ಟೇ ತಾನೆ? ಒಳಗೆ ಹಾಕೋಕೇ ಒಂದು ಬೇರೆ ಜೊತೆ ಇಟ್ಕೋ."

ಅಪ್ಪ ಅವಳ ಮುಖ ನೋಡಿ, "ಹೂಂ, ಇದು ಮಾತು" ಅಂದರು.

ಅವತ್ತು ಅಪ್ಪ ನೆರಳಲ್ಲೇ ನಿಂತು ಕೈಮುಗಿದರು. ಈಗ ಎಲ್ಲಿಗೆ ಹೋದರೂ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗುತ್ತೇವೆ. ಒಳಗೆ ಹಾಕಲೆಂದೇ ಒಗೆದ ದಪ್ಪ ಹತ್ತಿ ಕಾಲುಚೀಲ ಜೊತೆಗಿರುತ್ತದೆ. ಮೆಟ್ಟಿಲ ಹತ್ತಿರ ಕೂತು ಹಾಕಿಕೊಳ್ಳುತ್ತಾರೆ. ನುಣುಪು ಕಲ್ಲಿನ ಮೇಲೆ ಜಾರುತ್ತದೆ, ಹಾಗಾಗಿ ಕೈ ಹಿಡಿದೇ ನಡೆಸಬೇಕು. ಮನೆಗೆ ಬಂದ ಮೇಲೆ ಅಂಗಾಲು, ಬೆರಳಸಂದಿ ನೋಡುವುದು ಮಗಳ ಕೆಲಸ. ಕಾಲುಚೀಲ ಹಾಕಿಕೊಂಡು ಬಂದ ವಯಸ್ಸಾದವರನ್ನು ಬಾಗಿಲಲ್ಲಿ ತಡೆದು ಗದರುವವರಿಗೆ ನನ್ನದೊಂದು ವಿನಂತಿ: ಅವರಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ಮೊದಲು ಕೇಳಿ. ಗುಡಿ ನಡೆಸುವವರು ಚಪ್ಪಲಿ ಬಿಡುವ ಜಾಗದಿಂದ ಬಾಗಿಲವರೆಗೆ ತೆಂಗಿನ ನಾರಿನ ಚಾಪೆ ಹಾಸಿ, ಬೇಸಿಗೆಯಲ್ಲಿ ಆಗಾಗ ನೀರು ಚಿಮುಕಿಸಲಿ.