ಹಂತ 2ರಂತೆ ಸ್ಪಿನ್ ಮಾಡಿ

‘ಹಂತ 2ರಂತೆ ಸ್ಪಿನ್ ಮಾಡಿ’ ಅಂತ ಪ್ರೋಟೋಕಾಲ್ ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕರೆ ಕಾಫಿ ಕೊಟ್ಟು, ಕೂರಿಸಿಕೊಂಡು, ನೆಮ್ಮದಿಯಾಗಿ ಜಗಳ ಆಡಬೇಕು. ಈ ವಾರ ನಮ್ಮ ಲ್ಯಾಬಿನಲ್ಲಿ ಇಡೀ ಬ್ಯಾಚಿನ ಡಿಎನ್‌ಎ ವೇಸ್ಟ್ ಬಾಟಲಿಯ ಪಾಲಾಯಿತು.

ಅದು ಮಿನಿಪ್ರೆಪ್. ಬ್ಯಾಕ್ಟೀರಿಯಾದೊಳಗಿನ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಂಥ ಡಿಎನ್‌ಎಯನ್ನು ಹೊರತೆಗೆಯುವ ಕೆಲಸ. ಹಳೆಯ ಹಾಳೆಯ ಹಂತ 2 ಹೀಗಿತ್ತು: ‘ಕಲ್ಚರ್ ಸ್ಪಿನ್ ಮಾಡಿ ಮೇಲಿನ ದ್ರವ ಚೆಲ್ಲಿ.’ ಸರಿ, ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೆಂಟ್ರಿಫ್ಯೂಜಿನಲ್ಲಿ ಗಿರ್ರನೆ ತಿರುಗಿಸಿದರೆ ನಮಗೆ ಬೇಕಾದ ಕೋಶಗಳು ತಳ ಸೇರುತ್ತವೆ. ಆಮೇಲೆ ಮೂರು ದ್ರಾವಣ ಹಾಕಿ, ಕೋಶ ಒಡೆದು, ಹಂತ 5ಕ್ಕೆ ಬಂದರೆ ‘ಹಂತ 2ರಂತೆ ಸ್ಪಿನ್ ಮಾಡಿ’. ಈಗ ಪ್ಲಾಸ್ಮಿಡ್ ಇರುವುದು ಮೇಲಿನ ದ್ರವದಲ್ಲಿ. ಹುಡುಗರು ವಿಧೇಯರು. ಹಂತ 2ರಲ್ಲಿ ಹೇಳಿದ್ದನ್ನೆಲ್ಲ ಮಾಡಿದರು. ಸ್ಪಿನ್ ಮಾಡಿದರು, ಚೆಲ್ಲಿದರು.

ಒಬ್ಬಳಂತೂ ತಳದಲ್ಲಿ ಉಳಿದ ಬಿಳಿ ಮುದ್ದೆಗೆ ಹೆಸರು, ತಾರೀಖು, ಬ್ಯಾಚ್ ನಂಬರ್ ಎಲ್ಲ ಬರೆದು, ಪ್ಯಾರಾಫಿಲ್ಮ್ ಸುತ್ತಿ, ಮೈನಸ್ 20ರ ಫ್ರೀಜರಿನಲ್ಲಿ ಇಟ್ಟಿದ್ದಳು. ಒಳಗಿದ್ದದ್ದು ಪ್ರೋಟೀನು, ಸೋಪಿನಂಥ ಎಸ್‌ಡಿಎಸ್, ಬ್ಯಾಕ್ಟೀರಿಯಾದ ಕ್ರೋಮೋಸೋಮಿನ ಚೂರುಪಾರು. ಇಷ್ಟು ಗೌರವದಿಂದ ಕಸ ಕಾಪಾಡಿದ್ದನ್ನು ನಾನು ಎಲ್ಲೂ ನೋಡಿಲ್ಲ. ‘ಮೇಡಂ, ಇದರಲ್ಲಿ ಡಿಎನ್‌ಎ ಜಾಸ್ತಿ ಬರುತ್ತಲ್ವಾ? ಎಷ್ಟು ದಪ್ಪ ಇದೆ ನೋಡಿ!’ ಅಂದಳು. ಬಯ್ಯಲು ಬಾಯಿ ಬರಲಿಲ್ಲ. ಹಾಳೆ ಓದಿದರೆ ಅವಳು ಮಾಡಿದ್ದೇ ಸರಿ.

ಹಾಗಾಗಿ ತಿದ್ದಲು ಕೂತೆ. ಸ್ಪಿನ್ ಒಂದು ಹಂತ, ಚೆಲ್ಲುವುದು ಇನ್ನೊಂದು ಹಂತ. ಹಂತ 5 ಇದ್ದ ಜಾಗದಲ್ಲಿ ಈಗ ‘12,000 ಜಿಯಲ್ಲಿ 5 ನಿಮಿಷ ಸ್ಪಿನ್ ಮಾಡಿ’ ಅಂತ ಪೂರ್ತಿ ಬರೆದಿದೆ. ಅದರ ಕೆಳಗೆ ‘ಮೇಲಿನ ದ್ರವವನ್ನು ಹೊಸ ಟ್ಯೂಬಿಗೆ ಹಾಕಿ’, ಅದರ ಕೆಳಗೆ ‘ಬಿಳಿ ಮುದ್ದೆ ಇರುವ ಟ್ಯೂಬ್ ಬಿಸಾಡಿ’. ಮೊದಲು ‘12,000 ಆರ್‌ಪಿಎಂ’ ಅಂತಿತ್ತು. ರೋಟರ್ ಚಿಕ್ಕದಾದರೆ ಅಷ್ಟೇ ಆರ್‌ಪಿಎಂಗೆ ಬಲ ಕಮ್ಮಿ ಬೀಳುತ್ತೆ, ನಮ್ಮಲ್ಲಿ ಎರಡು ಸೈಜಿನ ಸೆಂಟ್ರಿಫ್ಯೂಜ್ ಇವೆ. ಜಿ ಅಂದರೆ ಆ ಬಲದ್ದೇ ಲೆಕ್ಕ, ಯಂತ್ರ ಯಾವುದಾದರೂ ಒಂದೇ.

ಎರಡನೇ ದ್ರಾವಣದ ಹಂತ ಇನ್ನೂ ಚೆಂದ: ‘ದ್ರಾವಣ 2 ಹಾಕಿ ನಿಧಾನವಾಗಿ ಮಿಕ್ಸ್ ಮಾಡಿ ಸ್ವಲ್ಪ ಹೊತ್ತು ಬಿಡಿ (ದ್ರಾವಣ ಆಗಷ್ಟೇ ತಯಾರಿಸಿರಬೇಕು).’ ಹಾಕಿ ಆದಮೇಲೆ ಬ್ರಾಕೆಟ್ ಓದಿ ಏನು ಮಾಡೋದು? ನಿಧಾನ ಅಂದರೆ ಒಬ್ಬ ಟ್ಯೂಬನ್ನು ತೊಟ್ಟಿಲ ಹಾಗೆ ತೂಗಿದ, ಇನ್ನೊಬ್ಬ ವೋರ್ಟೆಕ್ಸ್ ಯಂತ್ರವನ್ನೇ ನಿಧಾನಕ್ಕೆ ಇಟ್ಟು ಅಲ್ಲಾಡಿಸಿದ. ಅಲ್ಲಾಡಿಸಿದರೆ ಕ್ರೋಮೋಸೋಮ್ ಚೂರಾಗಿ ಪ್ಲಾಸ್ಮಿಡ್ ಜೊತೆ ಬಂದುಬಿಡುತ್ತೆ, ಜೆಲ್‌ನಲ್ಲಿ ಹರಡಿದ ಕಲೆಯಂತೆ ಕಾಣುತ್ತೆ. ‘ಸ್ವಲ್ಪ ಹೊತ್ತು’ ಊಟದ ತನಕ ಎಳೆದರೆ ಕ್ಷಾರಕ್ಕೆ ಪ್ಲಾಸ್ಮಿಡ್ಡೇ ಕೆಡುತ್ತೆ, ಕತ್ತರಿಸುವ ಎಂಜೈಮ್ ಅದನ್ನು ಮುಟ್ಟುವುದಿಲ್ಲ.

ಈಗ ತಯಾರಿಯೇ ಮೊದಲು ಬರುತ್ತೆ. 10 ಎಂಎಲ್‌ಗೆ 8.8 ಎಂಎಲ್ ನೀರು, ಆಮೇಲೆ 10 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 0.2 ಎಂಎಲ್, ಆಮೇಲೆ 10% ಎಸ್‌ಡಿಎಸ್ 1 ಎಂಎಲ್. ನೀರಿಲ್ಲದೆ ಇವೆರಡನ್ನೂ ಸೇರಿಸಿದರೆ ಬಿಳಿಯಾಗಿ ಗಟ್ಟಿಯಾಗುತ್ತೆ, ಅದಕ್ಕೇ ಈ ಅನುಕ್ರಮ. ಮುಂದೆ ‘200 ಮೈಕ್ರೊಲೀಟರ್ ಹಾಕಿ’, ‘ಮುಚ್ಚಳ ಹಾಕಿ’, ‘5 ಬಾರಿ ತಲೆಕೆಳಗೆ ಮಾಡಿ’, ‘5 ನಿಮಿಷ ಮೀರದಂತೆ ಮುಂದಿನ ಹಂತಕ್ಕೆ ಹೋಗಿ’. ಯಾವಾಗ ಸಾಕು ಅನ್ನುವುದಕ್ಕೆ ಅಂಕಿ ಸಾಲದು. ಮಬ್ಬಾಗಿದ್ದದ್ದು ತಿಳಿಯಾಗಿ, ಲೋಳೆಯಾದರೆ ಕೋಶ ಒಡೆದಿದೆ ಅಂತಲೂ ಬರೆದೆ.

ಅಸಲಿಗೆ ಹಳೆಯ ಹಾಳೆ ಇಷ್ಟು ವರ್ಷ ನಡೆದದ್ದು ಅದರ ಗುಣದಿಂದಲ್ಲ. ಪಕ್ಕದಲ್ಲಿ ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ನಿಂತಿರುತ್ತಿದ್ದರು. ಹುಡುಗರ ಕೈ ವೇಸ್ಟ್ ಬಾಟಲಿ ಕಡೆ ಹೋದ ಕ್ಷಣ ‘ಏಯ್, ಮೇಲಿಂದು ಬೇಕಪ್ಪ’ ಅನ್ನುತ್ತಿದ್ದರು. ಆ ದನಿಯೇ ಪ್ರೋಟೋಕಾಲ್. ಅವರು ರಿಟೈರ್ ಆದಾಗ ಶಾಲು ಹೊದಿಸಿದೆವು, ಫೋಟೋ ತೆಗೆದೆವು, ಅವರ ತಲೆಯಲ್ಲಿದ್ದುದನ್ನು ಬರೆದುಕೊಳ್ಳಲಿಲ್ಲ.

ತಿದ್ದಿದ ಪ್ರತಿಯನ್ನು ನಮ್ಮ ಎಚ್‌ಒಡಿ ಸರ್‌ಗೆ ಕೊಟ್ಟೆ. ‘ಒಂದು ಪುಟ ಇದ್ದದ್ದು ಮೂರು ಪುಟ ಮಾಡಿದ್ದೀರಲ್ಲ ಮೇಡಂ? ಮುಚ್ಚಳ ಹಾಕೋದು ಗೊತ್ತಿರೋದೇ ಅಲ್ವಾ?’ ಅವರಿಗೆ ಎಲ್ಲವೂ ಗೊತ್ತಿರೋದೇ. ಪ್ರಮಾಣ ಕೇಳಿದರೆ ಗೊತ್ತಿರೋದೇ, ಸಮಯ ಕೇಳಿದರೆ ಗೊತ್ತಿರೋದೇ, ಐಸ್ ಮೇಲಾ ಹೊರಗಾ ಅಂದರೂ ಅದೇ. ಫ್ರೀಜರಿನ ಟ್ಯೂಬ್ ತಂದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, ಬೆಳಕಿಗೆ ಹಿಡಿದು, ‘ಯೀಲ್ಡ್ ಚೆನ್ನಾಗಿ ಬಂದಿದೆ’ ಅಂದರು. ಆಮೇಲೆ ಮೂರೂ ಪುಟಕ್ಕೆ ಸಹಿ ಹಾಕಿ, ಕೊನೆಯಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದರು: ‘ಉಳಿದದ್ದು ಎಂದಿನಂತೆ.’